ಉನ್ನತ ವ್ಯಾಸಂಗದ ಸಿಸ್ಟರ್

ಹಳೇಕೋಟೆ ಕಡೆಯಿಂದ ಬಸ್ಸು ಹಿಡಿದು ಹಾಸನದ ಖಾಸಗಿ ಆಸ್ಪತ್ರೆಗೆ ಹೋಗಿಬರುವ ಸಿಸ್ಟರುಗಳಲ್ಲಿ, ಎಂ.ಎಸ್ಸಿ. ನರ್ಸಿಂಗ್ ಓದಲು ಹೊರಟಾಕೆಯದೇ ಒಂದು ಜಾತಿ. ಡ್ಯೂಟಿ ಬದಲಾಗುವಾಗ ಹತ್ತು ರೋಗಿಗಳ ಸಮಾಚಾರವನ್ನು ಒಂದೇ ಉಸಿರಿನಲ್ಲಿ ಒಪ್ಪಿಸುವ ಈಕೆ, ರಾಜೀನಾಮೆಯ ಇಮೇಲ್ ಬರೆಯಲು ಕೂತೊಡನೆ ಆಸ್ಥಾನ ಕವಿಯಾಗುತ್ತಾಳೆ. ರಜೆ ಕೊಡದ ಮೇಲ್ವಿಚಾರಕಿ ‘ಮಾತೃಸ್ವರೂಪಿ’, ಸಂಬಳ ತಡಮಾಡಿದ ಆಡಳಿತ ವರ್ಗ ‘ದಾರಿದೀಪ’. ಇಷ್ಟಾದ ಮೇಲೆ ಕೊನೆಗೊಂದು ಸಾಲು: ‘ಹಸ್ತಾಂತರಕ್ಕೆ ಸಂಪೂರ್ಣ ಸಹಕಾರ ನೀಡುತ್ತೇನೆ.’ ನನ್ನ ವಾದ ಇಷ್ಟೇ: ವಂದನೆಗೆ ಒಂದು ಸಾಲು ಸಾಕು, ಹಸ್ತಾಂತರಕ್ಕೆ ಉಳಿದ ಪುಟವೆಲ್ಲ ಬೇಕು. ಹೊಗಳದಿದ್ದರೆ ಅನುಭವ ಪತ್ರ ಸಿಕ್ಕೀತೇ ಎಂದು ಆಕೆ ಕೇಳಬಹುದು. ಭಯ ನ್ಯಾಯವಾದದ್ದೇ, ಬಿ.ಎಸ್ಸಿ. ಆದವರಿಗೂ ಎಂ.ಎಸ್ಸಿ. ಸೀಟಿಗೆ ಕನಿಷ್ಠ ಒಂದು ವರ್ಷದ ಕೆಲಸದ ಅನುಭವ ತೋರಿಸಬೇಕು. ಆದರೆ ಹೊಗಳಿಕೆ ಓದಿ ಮರೆಯುವ ಕಚೇರಿಯವರು, ಸಹಿ ಹಾಕುವ ಹೊತ್ತಿಗೆ ಕೇಳುವುದು ಬೀರುವಿನ ಬೀಗದ ಕೈಯನ್ನು.

ಬೀಗದ ಕೈ ಕೊಟ್ಟ ಮಾತ್ರಕ್ಕೆ ಚಾರ್ಜು ಕೊಟ್ಟಂತಲ್ಲ. ಬೀರುವಿನಲ್ಲಿ ಮಾರ್ಫಿನ್ ಇದೆ ಅನ್ನಿ. ಪುಸ್ತಕದ ಪ್ರಕಾರ ಮೊದಲಿದ್ದದ್ದು 10, ಬಂದದ್ದು 5, ಕೊಟ್ಟದ್ದು 4. ಒಳಗೆ 11 ಆಂಪೂಲ್ ಇರಬೇಕು. ಬಿಡುವವಳೂ ಬರುವವಳೂ ಒಟ್ಟಿಗೆ ಎಣಿಸಿ ಸಹಿ ಹಾಕಬೇಕು. ಅರ್ಧ ಕೊಟ್ಟು ಅರ್ಧ ಚೆಲ್ಲಿದ್ದರೆ, ಚೆಲ್ಲಿದ್ದನ್ನು ಕಂಡವರ ಸಹಿಯೂ ಅಲ್ಲಿರಬೇಕು. ಒಂದು ಕಡಿಮೆ ಬಂದರೆ ಅಂದೇ ಹುಡುಕಬಹುದು; ತಿಂಗಳಾದ ಮೇಲಾದರೆ, ಕ್ಲಾಸಿನಲ್ಲಿ ಕೂತವಳ ಮೇಲೆ ತಪ್ಪು ಹೊರಿಸುವುದೇ ಎಲ್ಲರಿಗೂ ಅನುಕೂಲ. ತುರ್ತು ಟ್ರಾಲಿಯ ಪಟ್ಟಿಯಂತೂ ಇನ್ನೂ ಮೋಸದ್ದು. ‘ಲ್ಯಾರಿಂಗೋಸ್ಕೋಪ್ 1, ಇದೆ’ ಎಂದು ಗುರುತು ಬಿದ್ದಿರುತ್ತದೆ. ಇರುವುದೇನೋ ನಿಜ, ಆದರೆ ಬ್ಲೇಡನ್ನು ಹಿಡಿಗೆ ಸಿಕ್ಕಿಸಿ ಬಿಡಿಸಿದಾಗ ದೀಪ ಹತ್ತಬೇಕಲ್ಲ? ಸೆಲ್ಲು ಸತ್ತಿದ್ದರೆ, ಉಸಿರುನಾಳಕ್ಕೆ ಟ್ಯೂಬು ಹಾಕಲು ನಿಂತ ಡಾಕ್ಟರು ಆ ಕತ್ತಲಲ್ಲಿ ಯಾರನ್ನು ನೆನೆಯುತ್ತಾರೆಂದು ಬೇರೆ ಹೇಳಬೇಕಿಲ್ಲ.

‘ಫೋನ್ ಮಾಡಿ, ಯಾವಾಗ ಬೇಕಾದರೂ ಹೇಳುತ್ತೇನೆ’ ಎನ್ನುವುದು ಆಕೆಯ ಪ್ರಾಮಾಣಿಕ ಮಾತೇ. ರಾತ್ರಿ ಎರಡಕ್ಕೆ ಆ ಪ್ರಾಮಾಣಿಕತೆ ಬೆಂಗಳೂರಿನ ಹಾಸ್ಟೆಲಿನಲ್ಲಿ ಸೈಲೆಂಟಿನಲ್ಲಿರುತ್ತದೆ. ಬದಲಿ ಸಿಸ್ಟರನ್ನೇ ಆಸ್ಪತ್ರೆ ನೇಮಿಸದಿದ್ದರೆ ಈಕೆ ಯಾರಿಗೆ ಒಪ್ಪಿಸಬೇಕು ಎಂಬ ಆಕ್ಷೇಪಕ್ಕೆ ಮಾತ್ರ ತೂಕವಿದೆ. ಆ ತಪ್ಪು ಆಕೆಯದಲ್ಲ. ಅದಕ್ಕೇ ಇಮೇಲಿನಲ್ಲಿ ಕೊನೆಯ ಡ್ಯೂಟಿ ಯಾವತ್ತು, ಅದಕ್ಕೆ ಮೊದಲು ಯಾವ ಎರಡು ದಿನ ಎಣಿಕೆ, ಬದಲಿಯವರು ಬರದಿದ್ದರೆ ಇನ್‌ಚಾರ್ಜ್ ಸಿಸ್ಟರಿಗೇ ಒಪ್ಪಿಸುವುದು ಎಂದು ಸ್ಪಷ್ಟವಾಗಿ ಬರೆಯಬೇಕು. ಬರೆದದ್ದಕ್ಕೆ ಒಪ್ಪಿಗೆಯ ಉತ್ತರವನ್ನೂ ಪಡೆಯಬೇಕು. ಆಮೇಲೆ ಮೇಲ್ವಿಚಾರಕಿಯನ್ನು ಮಾತೃಸ್ವರೂಪಿ ಎಂದರೂ ಅಡ್ಡಿಯಿಲ್ಲ. ಲೆಕ್ಕ ಸರಿಯಿದ್ದವರ ಹೊಗಳಿಕೆಯನ್ನು ಯಾರೂ ಅನುಮಾನಿಸುವುದಿಲ್ಲ.