ಎತ್ತರದವರ ಶವರ್, ಗಿಡ್ಡದವರ ಕೊಕ್ಕೆ

ತಂಬಿಗೆಗೆ ಎತ್ತರದ ಹಂಗಿಲ್ಲ. ಹಂಡೆಯಿಂದ ನೀರು ತೋಡಿ ಮೈಮೇಲೆ ಸುರಿದುಕೊಳ್ಳುವಾಗ ಆರಡಿಯ ಆಸಾಮಿಯೂ ಐದಡಿ ಮುಟ್ಟದ ಅಜ್ಜಿಯೂ ಸಮಾನರು. ಅವರವರ ಕೈ ಅವರವರ ತಲೆಗೆ ಎಟುಕುತ್ತದೆ, ಅಷ್ಟು ಸಾಕು. ನೀರು ಗೋಡೆಯೊಳಗಿಂದ ಬರಬೇಕು ಎಂದು ಮನುಷ್ಯ ಆಸೆಪಟ್ಟ ಮೇಲೆಯೇ ಮನೆಮಂದಿಯನ್ನೆಲ್ಲ ನಿಲ್ಲಿಸಿ ಟೇಪು ಹಿಡಿಯುವ ಕಷ್ಟ ಬಂದದ್ದು.

ಬಾಂದ್ರಾ ಎಂದರೆ ಊರಿನ ನೆಂಟರ ಕಣ್ಣಿಗೆ ಸಿನಿಮಾ ನಟರ ಬಂಗಲೆ. ನಮ್ಮದು ಹಿಲ್ ರೋಡಿನ ಹಿಂದಿರುವ, ಲಿಫ್ಟಿಲ್ಲದ, ನಾಲ್ಕು ಮಹಡಿಯ ಹಳೆಯ ಕಟ್ಟಡ. ಅದರಲ್ಲೂ ಕೊನೆಯ ಮಹಡಿ. ಬಚ್ಚಲ ನೆತ್ತಿಯ ಮೇಲೆ, ಮುಂಬಯಿಯ ಪದ್ಧತಿಯಂತೆ, ಒಂದು ಮಾಳಾ. ಹಳೆಯ ಸೂಟ್‌ಕೇಸು, ದೀಪಾವಳಿಯ ಗೂಡುದೀಪ, ಯಾರೂ ಕೇಳದ ಟೇಪ್ ರೆಕಾರ್ಡರ್ ಎಲ್ಲಕ್ಕೂ ಅದೇ ವೈಕುಂಠ. ಕೆಳಗಿನ ಮನೆಗೆ ನೀರು ಸೋರುತ್ತದೆಂದು ಆ ಬಚ್ಚಲನ್ನು ಒಡೆಸುವ ಯೋಗ ಬಂತು. ಒಡೆಸಿದ ಮೇಲೆ ಶವರ್ ಎಷ್ಟು ಎತ್ತರಕ್ಕಿರಲಿ ಎಂಬ ಪ್ರಶ್ನೆಯೂ ಬಂತು.

ಮೇಸ್ತ್ರಿಯ ಬಳಿ ಉತ್ತರ ಸಿದ್ಧವಿತ್ತು: ‘ಸಾತ್ ಫೂಟ್.’ ಅವನು ಎಲ್ಲರ ಮನೆಯಲ್ಲೂ ಏಳಡಿಗೇ ಇಡುತ್ತಾನಂತೆ. ಏಳಡಿಗೆ ಇಟ್ಟರೆ ನಮ್ಮ ಮಾಳಾದ ಹಲಗೆಗೆ ಶವರ್‌ನ ಆರ್ಮ್ ತಾಗುವಂತಿತ್ತು. ಹಾಗಾಗಿ ಲೆಕ್ಕವನ್ನು ಮಗನ ತಲೆಯಿಂದ ಶುರುಮಾಡಿದೆವು. ಅವನು ಆರಡಿ ಒಂದಿಂಚು, ಅಂದರೆ 73 ಇಂಚು. ತಲೆಗೂ ಶವರ್‌ನ ಬಾಯಿಗೂ ನಡುವೆ ನಾಲ್ಕಿಂಚಾದರೂ ಬಿಡಬೇಕು. ಇಲ್ಲವಾದರೆ ತಲೆಗೆ ಸೋಪು ಹಚ್ಚುವಾಗ ಬೆರಳ ಗೆಣ್ಣು ಬಡಿಯುತ್ತದೆ. ಅಲ್ಲಿಗೆ 77. ಗೋಡೆಯಿಂದ ಹೊರಟ ಆರ್ಮ್ ನೆಟ್ಟಗೆ ನಿಲ್ಲುವುದಿಲ್ಲ, ಕೆಳಕ್ಕೆ ಬಾಗುತ್ತದೆ. ಅದರ ತುದಿಗೆ ಶವರ್ ಬೇರೆ ಜೋತುಬೀಳುತ್ತದೆ. ನಾವು ತಂದಿದ್ದ ಜೋಡಿಯನ್ನು ನೆಲದ ಮೇಲಿಟ್ಟು ಅಳೆದಾಗ ಈ ಇಳಿತ ಸರಿಯಾಗಿ ನಾಲ್ಕಿಂಚು. ಹಾಗಾದರೆ ಗೋಡೆಯೊಳಗಿನ ಎಲ್ಬೋ ಇರಬೇಕಾದದ್ದು 81 ಇಂಚಿಗೆ, ಆರಡಿ ಒಂಬತ್ತಿಂಚು. ಅಂಗಡಿಯಿಂದ ಆರ್ಮ್ ಬರುವ ಮೊದಲೇ ಪೈಪು ಹಾಕಿಸುವವರಿಗೆ ಈ ನಾಲ್ಕಿಂಚು ಲೆಕ್ಕಕ್ಕೇ ಸಿಗುವುದಿಲ್ಲ.

ಮಗ ಉತ್ಸಾಹದಿಂದ ನೆಲಕ್ಕೆ ಟೇಪು ಒತ್ತಿ ಪೆನ್ಸಿಲಿನಲ್ಲಿ ಗುರುತು ಹಾಕಿದ. ಪ್ಲಂಬರ್ ಅದನ್ನು ನೋಡಿ ನಕ್ಕು ಕೇಳಿದ: ‘ಲಾದಿ ಕಹಾಂ ಹೈ?’ ಹೌದಲ್ಲ, ಮಗ ನಿಂತಿದ್ದದ್ದು ಬರಿಯ ಸ್ಲ್ಯಾಬಿನ ಮೇಲೆ. ಅದರ ಮೇಲೆ ಇಟ್ಟಿಗೆ ಚೂರಿನ ಕೋಬಾ ಬರಬೇಕು, ಗಾರೆ ಬರಬೇಕು, ನೀರು ಹರಿಯಲು ಇಳಿಜಾರು, ಮೇಲೆ ಲಾದಿ. ಎಲ್ಲ ಸೇರಿ ನಮ್ಮಲ್ಲಿ ಐದಿಂಚು. ಆ ಗುರುತಿಗೇ ಎಲ್ಬೋ ಕೂರಿಸಿದ್ದರೆ ಕೆಲಸ ಮುಗಿದಾಗ ಅದು ನೆಲದಿಂದ 76 ಇಂಚಿನಲ್ಲಿರುತ್ತಿತ್ತು. ಶವರ್‌ನ ಬಾಯಿ 72ಕ್ಕೆ ಇಳಿದು ಮಗನ ನೆತ್ತಿಗಿಂತ ಒಂದಿಂಚು ಕೆಳಗೆ ಬಂದಿರುತ್ತಿತ್ತು. ಇದಕ್ಕೆ ಪ್ಲಂಬರ್ ಬಳಸುವ ಉಪಾಯ ಸರಳ. ಲಾದಿ ಮುಗಿದ ಮೇಲೆ ನೆಲ ಎಲ್ಲಿಗೆ ಬರುತ್ತದೆಂದು ಮೊದಲೇ ನಿಶ್ಚಯಿಸಿ, ಅಲ್ಲಿಂದ ಮೂರಡಿ ಮೇಲೆ ಗೋಡೆಯ ಸುತ್ತ ಒಂದು ಗೆರೆ ಎಳೆಯುತ್ತಾನೆ. ಆಮೇಲೆ ಎಲ್ಲ ಅಳತೆಯೂ ಆ ಗೆರೆಯಿಂದಲೇ. ನೆಲವನ್ನು ಯಾರೂ ನಂಬುವುದಿಲ್ಲ.

ಇನ್ನು ಅತ್ತೆ. ನಾಲ್ಕಡಿ ಒಂಬತ್ತಿಂಚು, ಬಲಭುಜದಲ್ಲಿ ನೋವು, ಸ್ನಾನವೇನಿದ್ದರೂ ಸ್ಟೂಲಿನ ಮೇಲೆ ಕುಳಿತು. ಅವರ ತಕರಾರು ಶವರ್‌ನ ಎತ್ತರದ್ದಾಗಿರಲಿಲ್ಲ. ‘ದಿನಾ ತಲೆ ಮೇಲೇ ನೀರು ಸುರಿದರೆ ಈ ಕೂದಲು ಒಣಗಿಸುವುದು ಯಾರು ಮಾರಾಯ್ತಿ?’ ಎಂದರು. ಎಣ್ಣೆಸ್ನಾನದ ದಿನ ಬಿಟ್ಟರೆ ಭುಜದ ಕೆಳಗಷ್ಟೇ ನೀರು ಬೇಕಾದ ಹೆಂಗಸರ ಕಷ್ಟ ಈ ಮೇಲಿನ ಶವರ್‌ಗೆ ಗೊತ್ತಿಲ್ಲ. ಅದನ್ನು ತುಸು ತಗ್ಗಿಸಿದರೂ ಅತ್ತೆಗೆ ಲಾಭವಿಲ್ಲ, ಮಗನಿಗೆ ಮಾತ್ರ ನಷ್ಟ. ಅವರಿಗೆ ಬೇಕಾದದ್ದು ಹ್ಯಾಂಡ್ ಶವರ್, ಅತ್ತೆಯ ಬಾಯಲ್ಲಿ ಟೆಲಿಫೋನ್ ಶವರ್.

ಅದನ್ನು ನೇತುಹಾಕುವುದಕ್ಕೆ ಉದ್ದನೆಯ ಸ್ಟೀಲಿನ ಸರಳು ಸಿಗುತ್ತದೆ. ಹಿಡಿಕೆ ತಿರುಗಿಸಿ ಮೇಲೆ ಕೆಳಗೆ ಸರಿಸಿಕೊಳ್ಳಬಹುದು, ಎಲ್ಲ ಎತ್ತರದವರಿಗೂ ಒಂದೇ ಸಾಕು ಎಂದು ಅಂಗಡಿಯವನು ಹೊಗಳಿದ. ಮಾತು ಸುಳ್ಳಲ್ಲ. ಆದರೆ ಬೆಳಿಗ್ಗೆ ಕಾಲೇಜಿಗೆ ಓಡುವ ಮೊಮ್ಮಗ ಅದನ್ನು ತುತ್ತತುದಿಗೆ ಸರಿಸಿ ಹೋದರೆ, ಆಮೇಲೆ ಬರುವ ಅಜ್ಜಿ ನೋಯುವ ಭುಜವನ್ನು ಹೇಗೆ ಎತ್ತಬೇಕು? ಅದಕ್ಕೆಂದೇ ಸರಳಿನ ಜೊತೆಗೆ ಕೆಳಗೊಂದು ಸಾದಾ ಕೊಕ್ಕೆ ಹಾಕಿಸಿದೆವು. ಸ್ನಾನ ಮುಗಿಸಿದವರು ಯಾರೇ ಆಗಲಿ, ಹ್ಯಾಂಡ್ ಶವರನ್ನು ಈ ಕೊಕ್ಕೆಗೇ ತಂದು ಸಿಕ್ಕಿಸಬೇಕು ಎಂಬುದು ಮನೆಯ ಕಾನೂನು. ಅತ್ತೆಯನ್ನು ಹದಿಮೂರು ಇಂಚಿನ ಸ್ಟೂಲಿನ ಮೇಲೆ ಕೂರಿಸಿ ನೋಡಿದರೆ ಅವರ ಕಣ್ಣಿನ ಮಟ್ಟ ನೆಲದಿಂದ 40 ಇಂಚು. ಕೊಕ್ಕೆಗೆ ಅದೇ ಜಾಗ. ಭುಜ ಎತ್ತದೆ ಮೊಣಕೈ ಮಡಚಿಯೇ ತೆಗೆದುಕೊಳ್ಳಬಹುದು. ಇನ್ನೂ ಕೆಳಗೆ ಇಡುವಂತಿಲ್ಲ. ಹೋಸ್ ಒಂದೂವರೆ ಮೀಟರ್, ಅಂದರೆ 59 ಇಂಚು. ಅದು ಹೊರಡುವುದು 34 ಇಂಚಿನಲ್ಲಿರುವ ಮಿಕ್ಸರ್‌ನಿಂದ. ಕೊಕ್ಕೆ 40ಕ್ಕಿದ್ದರೆ ಜೋತ ಹೋಸಿನ ಬಳುಕು ನೆಲದಿಂದ ಏಳೆಂಟು ಇಂಚು ಮೇಲಿರುತ್ತದೆ. 25ಕ್ಕೆ ಇಳಿಸಿದರೆ ಬಳುಕು ನೆಲ ಗುಡಿಸಲು ತೊಡಗುತ್ತದೆ. ಹಾಗೆಂದು ಒಂದು ಮೀಟರಿನ ಹೋಸ್ ತಂದರೆ ಸರಳಿನ ತುದಿಗೆ ಹೋದಾಗ ಬಿಗಿದು ನಿಲ್ಲುತ್ತದೆ.

ಸರಳನ್ನು ಮಿಕ್ಸರ್‌ನ ನೇರ ಮೇಲೆ ಹಾಕಿದರೆ ಚಂದ ಎಂದು ಎಲ್ಲರಿಗೂ ಅನಿಸುತ್ತದೆ. ಅಪಾಯವೂ ಅಲ್ಲೇ. ಮಿಕ್ಸರ್‌ನಿಂದ ಮೇಲಿನ ಶವರ್‌ಗೆ ಹೋಗುವ ಪೈಪು ಅದೇ ಗೆರೆಯಲ್ಲಿ ಗೋಡೆಯೊಳಗಿದೆ. ಡ್ರಿಲ್ ಅದನ್ನೇ ಹುಡುಕಿಕೊಂಡು ಹೋಗುತ್ತದೆ. ಲಾದಿ ಕೂರಿಸುವ ಮೊದಲು ಗೋಡೆಗೆ ಟೇಪು ಹಿಡಿದು ಪೈಪಿನ ಫೋಟೊ ತೆಗೆದಿಟ್ಟೆವು. ಸರಳನ್ನೂ ಕೊಕ್ಕೆಯನ್ನೂ ಪೈಪಿನಿಂದ ಒಂದು ಗೇಣು ಪಕ್ಕಕ್ಕೆ ಸರಿಸಿದೆವು.

ಕೊನೆಗೊಂದು ತಮಾಷೆ. ಪಾಲಿಕೆಯ ನೀರು ಹೊತ್ತು ನೋಡಿ ಬರುತ್ತದೆ, ನೆಲದ ತೊಟ್ಟಿಗಿಳಿದು ಪಂಪಿನಿಂದ ತಾರಸಿಯ ಟ್ಯಾಂಕಿಗೆ ಏರುತ್ತದೆ. ಹತ್ತು ಮೀಟರ್ ಎತ್ತರದ ನೀರಿಗೆ ಸುಮಾರು ಒಂದು ಕಿಲೋ ಒತ್ತಡ. ಕೆಳಗಿನ ಮಹಡಿಯವರಿಗೆ ಅದು ಧಾರಾಳ ಸಿಗುತ್ತದೆ. ಕೊನೆಯ ಮಹಡಿಯ ನಮಗೆ ಟ್ಯಾಂಕಿನ ತಳದಿಂದ ಶವರ್‌ನ ಬಾಯಿಗೆ ಎರಡೂವರೆ ಮೀಟರ್, ಅಂದರೆ ಕಾಲು ಕಿಲೋ. ಊಟದ ತಟ್ಟೆಯಷ್ಟು ಅಗಲದ ಶವರ್ ತಂದರೆ ಇಷ್ಟರಲ್ಲಿ ಅದು ಹನಿಸುತ್ತದೆ, ಸುರಿಸುವುದಿಲ್ಲ. ಆದ್ದರಿಂದ ಚಿಕ್ಕದನ್ನೇ ತಂದೆವು. ಅತ್ತೆಯ ಕೊಕ್ಕೆ ಶವರ್‌ಗಿಂತ ಹೆಚ್ಚುಕಡಿಮೆ ಒಂದು ಮೀಟರ್ ಕೆಳಗಿದೆ. ಅಲ್ಲಿ ಮೂರೂವರೆ ಮೀಟರಿನ ಒತ್ತಡ! ಹೋಸಿನೊಳಗೆ ಸ್ವಲ್ಪ ಕಳೆದುಹೋದರೂ ಮನೆಯಲ್ಲಿ ಒಳ್ಳೆಯ ನೀರು ಬರುವುದು ಅತ್ತೆಯ ಕೈಯಲ್ಲೇ. ಆರಡಿಯ ಮೊಮ್ಮಗ ಈಗೀಗ ಬಾಗಿಲು ಹಾಕಿಕೊಂಡು ಅಜ್ಜಿಯ ಸ್ಟೂಲಿನ ಮೇಲೆ ಕೂತು ಮೀಯುತ್ತಾನೆ ಎಂಬ ಅನುಮಾನ ನನಗಿದೆ.

ಬಚ್ಚಲು ಒಡೆಸುವವರಿಗೆ ನನ್ನ ಸಲಹೆ ಇಷ್ಟೇ. ಗೋಡೆಯೊಳಗೆ ಹೂತುಹೋಗುವ ಎಲ್ಬೋವನ್ನು ಮನೆಯ ಅತಿ ಎತ್ತರದವರಿಗೆ ಬಿಟ್ಟುಕೊಡಿ, ಏಕೆಂದರೆ ಮತ್ತೆ ಏರಿಸಬೇಕೆಂದರೆ ಲಾದಿ ಒಡೆಯಬೇಕು, ಇಲ್ಲವೇ ಮೇಲಕ್ಕೆ ಡೊಂಕಾದ ಬೇರೆ ಆರ್ಮ್ ಹುಡುಕಬೇಕು. ಎರಡು ಸ್ಕ್ರೂಗಳ ಕೊಕ್ಕೆಯನ್ನು ಅತಿ ಗಿಡ್ಡದವರಿಗೆ ಕೊಡಿ, ಅದೂ ಅವರನ್ನು ಕೂರಿಸಿ ಅಳೆದು. ನಡುವಿನವರು ಹೇಗೋ ಹೊಂದಿಕೊಳ್ಳುತ್ತಾರೆ.