ಹದಿನೈದು ಅಂಕ ಎಲ್ಲಿ ಹೋಯಿತು?

ಹೆಚ್ಚು ಬರೆದವನಿಗೆ ಹೆಚ್ಚು ಅಂಕ ಎಂಬ ನಂಬಿಕೆ ನಮ್ಮಲ್ಲಿ ಹಳೆಯದು. ಪರೀಕ್ಷೆಯಲ್ಲಿ ಅಡಿಷನಲ್ ಶೀಟ್ ಕೇಳಲು ಎದ್ದು ನಿಂತವನನ್ನು ಉಳಿದವರೆಲ್ಲ ಹೊಟ್ಟೆಯುರಿಯಿಂದ ನೋಡುತ್ತಿದ್ದ ಕಾಲದಲ್ಲಿ ಓದಿ ಬಂದವನು ನಾನು. ಅಂಥವನು ಈಗ ಎಂ.ಎ. ಮಕ್ಕಳಿಗೆ ‘ಮಲೆಗಳಲ್ಲಿ ಮದುಮಗಳು’ ಕುರಿತು 1500 ಪದಗಳ ಅಸೈನ್‌ಮೆಂಟ್ ಬರೆಯಿರಿ, ಮೀರಿದರೆ ಅಂಕ ಕಡಿತ ಎನ್ನಬೇಕು. ಅಷ್ಟು ದಪ್ಪನೆಯ ಕಾದಂಬರಿ ಬರೆದವರಿಗೆ ಯಾರು ಪದಮಿತಿ ಹಾಕಿದ್ದರು ಎಂಬ ಪ್ರಶ್ನೆ ಹುಡುಗರ ಮುಖದಲ್ಲೇ ಕಾಣುತ್ತದೆ. ಪಾಪ, ಕೇಳುವುದಿಲ್ಲ.

ಕೇಳುವುದು ಬೇರೆ: ಪದ ಎಣಿಸುವುದು ಹೇಗೆ? ಕಂಪ್ಯೂಟರಿಗೆ ನಡುವೆ ಜಾಗ ಬಿಟ್ಟದ್ದೆಲ್ಲ ಬೇರೆ ಬೇರೆ ಪದ. ‘ಬಂದಿದ್ದಾನೆ ಎಂದು’ ಬರೆದವಳದು ಎರಡಾದರೆ, ‘ಬಂದಿದ್ದಾನೆಂದು’ ಬರೆದವಳದು ಒಂದೇ. ಸಂಧಿ ಗೊತ್ತಿದ್ದವರಿಗೆ ಇದೊಂದು ಪುಟ್ಟ ಲಾಭ. ಅದಕ್ಕೇ ಶೇ. 10ರಷ್ಟು ಸಡಿಲ ಇಟ್ಟಿದ್ದೇವೆ. 1650ರವರೆಗೆ ಯಾರೂ ತಕರಾರು ಎತ್ತುವುದಿಲ್ಲ. ಕಾದಂಬರಿಯಿಂದ ಎತ್ತಿಕೊಂಡ ಸಾಲುಗಳು ಎಣಿಕೆಯೊಳಗೆ, ಕೊನೆಯ ಗ್ರಂಥಋಣ ಎಣಿಕೆಯ ಹೊರಗೆ. ಇದನ್ನೆಲ್ಲ ಪ್ರಶ್ನೆಯ ಜೊತೆಯಲ್ಲೇ ಅಚ್ಚು ಹಾಕಿ ಕೊಡುತ್ತೇವೆ. ಬರೆದು ಮುಗಿಸಿದ ಮೇಲೆ ಕೈಗೆ ಸಿಗುವ ನಿಯಮಕ್ಕೂ ಜಗಳಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ಗಡುವಿನ ಕತೆಯೂ ಹೀಗೇ. ‘ಭಾನುವಾರ ರಾತ್ರಿ 12 ಗಂಟೆ’ ಎಂದು ಹಾಕಿ ನೋಡಿ: ಅರ್ಧ ತರಗತಿಗೆ ಅದು ಶನಿವಾರ ಮಲಗುವ ಹೊತ್ತು, ಇನ್ನರ್ಧಕ್ಕೆ ಸೋಮವಾರ ಏಳುವ ಮುಂಚೆ. ‘ಶುಕ್ರವಾರ ಸಂಜೆ 5’ ಎಂದರೆ ಪಂಚಾಂಗ ತೆರೆಯಬೇಕಾಗಿಲ್ಲ. ತಡವಾದ ಪ್ರತಿ ದಿನಕ್ಕೆ 5 ಅಂಕ ಕಡಿತ. ಅರ್ಧ ದಿನವೂ ದಿನವೇ, ಶನಿವಾರ ಭಾನುವಾರವೂ ದಿನಗಳೇ. ಶೇ. 5 ಎನ್ನದೆ 5 ಅಂಕ ಎಂದದ್ದಕ್ಕೆ ಕಾರಣವಿದೆ. ಪಡೆದ ಅಂಕದ ಶೇ. 5 ಕಳೆದರೆ 80 ಪಡೆದವಳಿಗೆ 4 ಅಂಕ ಹೋಗುತ್ತದೆ, 40 ಪಡೆದವನಿಗೆ 2. ಇಬ್ಬರೂ ತಡಮಾಡಿದ್ದು ಒಂದೇ ದಿನ. ಚೆನ್ನಾಗಿ ಬರೆದದ್ದಕ್ಕೆ ಅವಳಿಗೆ ದಂಡ ಜಾಸ್ತಿ!

ಈ ಸಲ ಒಬ್ಬ ಹುಡುಗ 1890 ಪದ ಬರೆದು, ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಕಳಿಸಿದ. ಓದಿದೆ. ಗುತ್ತಿಯ ಮೇಲೆ, ಅವನ ನಾಯಿ ಹುಲಿಯನ ಮೇಲೆ ಚೆನ್ನಾಗಿಯೇ ಬರೆದಿದ್ದ. 64 ಕೊಡಬಹುದಾದ ಬರಹ. ನಮ್ಮಲ್ಲಿ 1800 ದಾಟಿದರೆ 10 ಅಂಕ ಹೋಗುತ್ತದೆ, ಅದರೊಳಗಿದ್ದರೆ 5. ಅವನಿಗೆ 10 ಹೋಯಿತು, ತಡಕ್ಕೆ 5, ಉಳಿದದ್ದು 49.

ಇಲ್ಲಿ ಕೈ ತಡೆಯಬೇಕಾದ ಜಾಗವೊಂದಿದೆ. ಉದ್ದವಾಯಿತೆಂಬ ಸಿಟ್ಟಿನಲ್ಲಿ ‘ನಿರೂಪಣೆ’ಯ ಅಂಕದಲ್ಲೂ ನಾಲ್ಕು ಮುರಿದು, ಮತ್ತೆ ಪದಮಿತಿಗೆಂದು ಹತ್ತು ಕಳೆದರೆ, ಒಂದೇ ತಪ್ಪಿಗೆ ಎರಡು ಸಲ ದಂಡ ಹಾಕಿದಂತೆ. ಕೆಲವರು 1650ಕ್ಕೆ ಓದುವುದನ್ನೇ ನಿಲ್ಲಿಸುತ್ತಾರೆ. ಅದೂ ಸರಿಯೇ, ಆದರೆ ಉಪಸಂಹಾರ ಓದದೆ ಬಿಟ್ಟದ್ದೇ ಶಿಕ್ಷೆ. ಅದರ ಮೇಲೆ ಅಂಕ ಕಳೆಯುವಂತಿಲ್ಲ. ಹಾಗೆಯೇ, 43 ಪಡೆದವಳು ಒಂದು ದಿನ ತಡಮಾಡಿದರೆ 38ಕ್ಕೆ ಇಳಿಸುವುದಿಲ್ಲ, ಪಾಸಿನ 40ಕ್ಕೆ ನಿಲ್ಲಿಸುತ್ತೇವೆ. ಮೊದಲೇ 38 ಪಡೆದವನು 38ರಲ್ಲೇ ಇರುತ್ತಾನೆ. ತಡಮಾಡಿದ ಪುಣ್ಯಕ್ಕೆ 40 ಆಗುವುದಿಲ್ಲ. ಇದನ್ನೂ ಒಬ್ಬ ಕೇಳಿದ್ದ. ಇನ್ನು ಜ್ವರ, ಸಾವು, ಆಸ್ಪತ್ರೆ ಇವುಗಳ ಅರ್ಜಿ ವಿಭಾಗದ ಸಮಿತಿಗೆ ಹೋಗುತ್ತದೆ. ನನ್ನ ಮುಂದೆ ಬಂದರೆ ಚೆನ್ನಾಗಿ ಅಳುವವರೇ ಗೆಲ್ಲುತ್ತಾರೆ, ಸಂಕೋಚದವರಿಗೆ ಕಡಿತ ಉಳಿಯುತ್ತದೆ.

ಬರೇ 49 ಎಂದು ಬರೆದು ಕೊಟ್ಟರೆ ಹುಡುಗ ತನಗೆ ಗುತ್ತಿಯೇ ಅರ್ಥವಾಗಿಲ್ಲ ಎಂದುಕೊಳ್ಳುತ್ತಾನೆ. ಅಭಿಪ್ರಾಯವೆಂಬುದು ಶೆಟ್ಟರ ಅಂಗಡಿಯ ಚೀಟಿಯಂತಿರಬೇಕು, ಯಾವುದಕ್ಕೆ ಎಷ್ಟು ಎಂಬುದು ಬೇರೆ ಬೇರೆ ಸಾಲಿನಲ್ಲಿ. ಹೀಗೆ ಬರೆದೆ: “ಬರಹದ ಗುಣಕ್ಕೆ 64. ಪದಗಳು 1890, ಸಡಿಲ ಸೇರಿ ಮಿತಿ 1650. 1800 ಮೀರಿದ್ದರಿಂದ 10 ಕಡಿತ. ಗಡುವು ಶುಕ್ರವಾರ ಸಂಜೆ 5, ಬಂದದ್ದು ಶನಿವಾರ ಬೆಳಿಗ್ಗೆ 11. ಒಂದು ದಿನಕ್ಕೆ 5 ಕಡಿತ. ಕೊನೆಗೆ 49. ಗುತ್ತಿಯ ಭಾಗ ಚೆನ್ನಾಗಿದೆ. ಮೊದಲ ಎರಡು ಪ್ಯಾರಾದಲ್ಲಿರುವ ಕುವೆಂಪು ಜೀವನಚರಿತ್ರೆ ಈ ಪ್ರಶ್ನೆಗೆ ಬೇಕಿಲ್ಲ. ಅದೇ 260 ಪದ. ತೆಗೆದಿದ್ದರೆ ಮಿತಿಯೊಳಗೆ ಇರುತ್ತಿತ್ತು.” ‘ಬೇಜವಾಬ್ದಾರಿ’ ಎಂಬ ಪದ ಪೆನ್ನಿನ ತುದಿಗೆ ಬಂದಿತ್ತು, ಬರೆಯಲಿಲ್ಲ. ಕಳೆದದ್ದು ಅಂಕ ಮಾತ್ರ, ನಡತೆಗೆ ನಾನು ಸರ್ಟಿಫಿಕೇಟ್ ಕೊಡುತ್ತಿರಲಿಲ್ಲ.

ಹುಡುಗ ಸ್ಟಾಫ್‌ರೂಮಿಗೆ ಬಂದ. ಜಗಳಕ್ಕಲ್ಲ.

“ಸಾರ್, ಶೀರ್ಷಿಕೆ ಲೆಕ್ಕಕ್ಕೆ ಬರುತ್ತಾ?”

“ಇಲ್ಲಪ್ಪಾ, ಬರಲ್ಲ.”

ಮುಂದಿನ ಅಸೈನ್‌ಮೆಂಟ್ ಗುರುವಾರವೇ ಬಂತು, 1648 ಪದ. ಶೀರ್ಷಿಕೆ ನಾಲ್ಕು ಸಾಲಿತ್ತು.