ಪೇಟ ಕಳಚಿದ ಬ್ರೌಸರ್

ಆಸ್ತಿ ತೆರಿಗೆಯ ಅರ್ಜಿ ತುಂಬುತ್ತ ಚಕ್ಕುಲಿ ತಿಂದದ್ದೇ ತಪ್ಪು. ಪುಡಿಯೆಲ್ಲ ಕೀಬೋರ್ಡಿನ ಸಂದಿಗೆ ಬಿತ್ತು. ಹೆಂಡತಿ ನೋಡುವ ಮೊದಲು ಒರೆಸಿಬಿಡೋಣವೆಂದು ಹಳೇ ಬನಿಯನ್ನಿನ ತುಂಡನ್ನು ಎರಡೂ ಕೈಯಲ್ಲಿ ಹಿಡಿದು ಗಸಗಸ ಉಜ್ಜಿದೆ. ತಲೆ ಎತ್ತಿದರೆ ಬ್ರೌಸರಿನ ತಲೆಯೇ ಇಲ್ಲ! ವಿಳಾಸ ಬರೆಯುವ ಪಟ್ಟಿ, ಒಂಬತ್ತು ಟ್ಯಾಬು, ಮುಚ್ಚುವ ಗುಣಿಸು ಚಿಹ್ನೆ, ಎಲ್ಲ ಮಾಯ. ಕೆಳಗೆ ಗಡಿಯಾರವಿದ್ದ ಟಾಸ್ಕ್‌ಬಾರೂ ಇಲ್ಲ. ದಸರಾ ಮೆರವಣಿಗೆಯಲ್ಲಿ ಪೇಟ ಜಾರಿದ ದೊಡ್ಡಮನುಷ್ಯನಂತೆ ಅರ್ಜಿಯೊಂದೇ ಪರದೆಯ ತುಂಬ ಬೋಳಾಗಿ ನಿಂತಿತ್ತು.

"ಆಫ್ ಮಾಡಿ ಆನ್ ಮಾಡ್ರೀ" ಅಂದಳು ಹೆಂಡತಿ. ಮಿಕ್ಸಿಯಿಂದ ಹಿಡಿದು ನನ್ನವರೆಗೆ ಎಲ್ಲಕ್ಕೂ ಅವಳದು ಅದೊಂದೇ ಔಷಧ. ಆದರೆ ಆಫ್ ಮಾಡಿದರೆ ಅಷ್ಟು ಹೊತ್ತು ತುಂಬಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು. Esc ಒತ್ತಿದೆ. ಅಲ್ಲಾಡಲಿಲ್ಲ. ಅಕ್ಕನ ಮಗನಿಗೆ ಫೋನ್ ಮಾಡಿದೆ.

"ಮಾವ, F11 ಒತ್ತಿಬಿಟ್ಟಿದ್ದೀರಿ. ಅದು ಫುಲ್‌ಸ್ಕ್ರೀನ್. ಮತ್ತೆ ಅದನ್ನೇ ಒತ್ತಿ, ವಾಪಸ್ ಬರುತ್ತೆ."

ಒತ್ತಿದೆ. ಪರದೆ ಇನ್ನಷ್ಟು ಬೆಳ್ಳಗಾಯಿತು. ಇನ್ನೊಮ್ಮೆ ಒತ್ತಿದೆ. ಕಣ್ಣು ಕುಕ್ಕಿತು.

"ಬೆಳಕು ಜಾಸ್ತಿ ಆಗ್ತಿದೆ ಕಣೋ!"

ಅವನು ನಕ್ಕ. ನನ್ನ ಲ್ಯಾಪ್‌ಟಾಪಿನ ಮೇಲಿನ ಸಾಲಿನ ಕೀಲಿಗಳು ಎರಡು ಉದ್ಯೋಗದವು. ಸುಮ್ಮನೆ ಒತ್ತಿದರೆ ಬೆಳಕು, ಸದ್ದು ನೋಡಿಕೊಳ್ಳುತ್ತವೆ. ಎಡಮೂಲೆಯ Fn ಜೊತೆ ಒತ್ತಿದರೆ ಮಾತ್ರ F1, F2 ಎಂಬ ಅಸಲಿ ಕಸುಬು. ಹಾಗಾದರೆ ಮೊದಲು ಒತ್ತಿದ್ದು ಹೇಗೆ? ಬನಿಯನ್ನಿನ ಎಡತುದಿ ಹಿಡಿದ ಕೈ Fn ಮೇಲೆ, ಬಲತುದಿಯದು F11 ಮೇಲೆ. ಬೇಕೆಂದು ಮಾಡಿದರೂ ಸಾಧಿಸಲಾಗದ ಯೋಗ.

"ಒತ್ತೋ ಮೊದಲು ಮೌಸ್ ಬಾಣಾನ ಪರದೆಯ ನೆತ್ತಿಗೆ ತಗೊಂಡುಹೋಗಿ ಮಾವ." ಒಯ್ದೆ. ನಡುವೆ ದುಂಡನೆಯ ಗುಣಿಸು ಚಿಹ್ನೆ ಇಣುಕಿತು. ನನ್ನದು ಕ್ರೋಮ್. ಫೈರ್‌ಫಾಕ್ಸ್ ಆಗಿದ್ದರೆ ಟ್ಯಾಬು, ಪಟ್ಟಿ ಎರಡೂ ಪರದೆ ಸರಿಸಿದಂತೆ ಇಳಿದು ಬರುತ್ತಿದ್ದವಂತೆ. ಇವು ಕಂಡರೆ ಬರೀ ಫುಲ್‌ಸ್ಕ್ರೀನ್. ಏನೂ ಕಳೆದಿಲ್ಲ, ಮರೆಯಾಗಿದೆ ಅಷ್ಟೆ. Fn ಹಿಡಿದು F11 ಒತ್ತಿದೆ. ಪೇಟ ನೆತ್ತಿಗೇರಿತು. ಒಂಬತ್ತು ಟ್ಯಾಬೂ ಹಾಜರು, ಅರ್ಜಿಯ ಒಂದಕ್ಷರವೂ ಅಳಿಸಿರಲಿಲ್ಲ.

Esc ಯಾಕೆ ಕೈಕೊಟ್ಟಿತು ಅಂತ ಕೇಳಿದೆ. ವಿಡಿಯೊ ದೊಡ್ಡದಾದಾಗ ಪರದೆ ಕೇಳಿ ಪಡೆಯುವುದು ಆ ಪುಟ. ಅದನ್ನು Esc ಹೊರಗೆ ಕಳಿಸುತ್ತದೆ. F11 ಒತ್ತಿದಾಗ ಕೇಳಿದವನು ಯಜಮಾನ. ಅವನು ಹಾಕಿದ ಚಿಲಕ ಅವನೇ ತೆಗೆಯಬೇಕು. ನನ್ನ ಮನೆಯಲ್ಲಿ ನನ್ನನ್ನು ಯಜಮಾನನೆಂದು ಒಪ್ಪಿದ್ದು ಇದೊಂದು ಕೀಲಿ.

ಇಷ್ಟಕ್ಕೆ ಸುಮ್ಮನಿದ್ದರೆ ಚೆನ್ನಾಗಿತ್ತು. ಮರುದಿನ ಅಮ್ಮನ ಕೋಣೆಗೆ ಹೋದರೆ ಅವಳ ಹಳೇ ಲ್ಯಾಪ್‌ಟಾಪಿಗೂ ಅದೇ ರೋಗ: ದೇವರನಾಮ ಹಾಡುತ್ತಿದೆ, ತಲೆ ಬೋಳು. ಹೊಸ ವೈದ್ಯನ ಉತ್ಸಾಹದಲ್ಲಿ F11 ಒತ್ತಿದೆ. ಅಲ್ಲಿ Fn ಹಂಗಿಲ್ಲ. ಏನೂ ಆಗಲಿಲ್ಲ. ಬಾಣ ನೆತ್ತಿಗೆ ಒಯ್ದೆ. ಏನೂ ಇಣುಕಲಿಲ್ಲ. ಮತ್ತೆ ಫೋನ್.

"ಅಯ್ಯೋ, ಅದನ್ನ ಮುಟ್ಟಬೇಡಿ ಮಾವ! ಅಜ್ಜಿ ಎಲ್ಲೆಲ್ಲೋ ಒತ್ತಬಾರದು ಅಂತ ನಾನೇ ಕಿಯೋಸ್ಕ್ ಮಾಡಿಟ್ಟಿದ್ದೀನಿ. ಅದಕ್ಕೆ F11 ಬಗ್ಗಲ್ಲ. Alt ಹಿಡಿದು F4 ಒತ್ತಿ ಪೂರಾ ಮುಚ್ಚಬೇಕು."

ಕಿಯೋಸ್ಕ್ ಕೈತಪ್ಪಿ ಬರುವಂಥದ್ದಲ್ಲವಂತೆ. ಯಾರಾದರೂ ಶಾರ್ಟ್‌ಕಟ್ಟಿನ ಗುಣಲಕ್ಷಣಗಳಲ್ಲಿ, ಕ್ರೋಮಿನ ಹೆಸರಿನ ಮುಂದೆ, ಬೇಕೆಂದೇ ಬಾಲ ಅಂಟಿಸಿರಬೇಕು:

```
chrome.exe --kiosk
```

"ಮುಟ್ಟಬೇಡಿ" ಎಂಬ ಮಾತು ತಲೆಗೆ ಇಳಿಯುವ ಹೊತ್ತಿಗೆ ನನ್ನ ಬೆರಳು Alt ಮತ್ತು F4 ಮೇಲಿತ್ತು. ಹಾಡು ನಿಂತಿತು. ಅಮ್ಮ ನನ್ನನ್ನು ನೋಡಿದಳು.

ಗಡಿಬಿಡಿಯಲ್ಲಿ ಕ್ರೋಮನ್ನು ಮಾಮೂಲಿಯಾಗಿ ತೆರೆದು ಹಾಡು ಹುಡುಕಿದೆ, ಸಿಗಲಿಲ್ಲ. ಅದನ್ನು ಹಾಗೇ ಬಿಟ್ಟು, ಬಾಲದ ಜೊತೆ ಹಾಡಿನ ವಿಳಾಸವೂ ಇದ್ದ ಹುಡುಗನ ಶಾರ್ಟ್‌ಕಟ್ ಒತ್ತಿದೆ. ಹಾಡೇನೋ ಬಂತು, ಆದರೆ ಪಟ್ಟಿ, ಟ್ಯಾಬು ಸಮೇತ, ಪೂರ್ತಿ ಪೇಟ ಸುತ್ತಿಕೊಂಡು. ಕ್ರೋಮ್ ಒಮ್ಮೆ ಎದ್ದು ಕೂತಿದ್ದರೆ ಆಮೇಲೆ ಬಂದ ಬಾಲಕ್ಕೆ ಬೆಲೆ ಕೊಡುವುದಿಲ್ಲ. ಎಲ್ಲ ಕಿಟಕಿ ಮುಚ್ಚಿ ಮೊದಲಿಂದ ಶುರುಮಾಡಬೇಕು. ಇದು ತಿಳಿದದ್ದು ಮೂರನೇ ಫೋನಿನಲ್ಲಿ. ಆಗ ತಿಳಿದಿರಲಿಲ್ಲ.

"ಏನೋ ಇದು? ಮೇಲೆಲ್ಲ ಏನೇನೋ ಬಂದು ಕೂತಿದೆ, ತೆಗಿ" ಅಂದಳು ಅಮ್ಮ.

ಹಿಂದಿನ ದಿನ ಬೆವರು ಸುರಿಸಿ ವಾಪಸ್ ತಂದದ್ದನ್ನು ಈಗ ಓಡಿಸಬೇಕು. ಮೆಲ್ಲಗೆ F11 ಒತ್ತಿದೆ. ಪರದೆ ಬೋಳಾಯಿತು.

"ಹೂಂ, ಈಗ ಸರಿಯಾಯ್ತು" ಅಂದಳು.

ಅದು ಕಿಯೋಸ್ಕ್ ಅಲ್ಲವೆಂದು ನಾನೂ ಹೇಳಲಿಲ್ಲ.